ಸಾಸಿವೆ ಡಬ್ಬಿಯೋ, ಪಾಸ್‌ಬುಕ್ಕೋ: ಉಳಿಸಿದ ದುಡ್ಡು ಎಲ್ಲಿಡೋಣ?

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಅಣ್ಣಂದಿರೂ ಒಳಗೆ ಬಂದು ಕೂತ್ಕೊಳ್ಳಿ, ಜಾಗ ಇದೆ. ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ, ಹಾಲು ಕರೆಯೋ ಹೊತ್ತಿಗೆ ಮನೆಗೆ ಹೋಗಬಹುದು.

ಇವತ್ತಿನ ಪ್ರಶ್ನೆ ಒಂದೇ. ಉಳಿಸಿದ ದುಡ್ಡನ್ನು ಮನೆಯಲ್ಲಿ ಇಟ್ಟರೆ ಒಳ್ಳೆಯದಾ, ಬ್ಯಾಂಕಿನಲ್ಲಿ ಇಟ್ಟರೆ ಒಳ್ಳೆಯದಾ? "ಬ್ಯಾಂಕೇ ಒಳ್ಳೆಯದು" ಅಂತ ನಾನು ಹೇಳುತ್ತೇನೆ ಅನ್ನೋದು ನಿಮಗೆ ಗೊತ್ತು. ಅದನ್ನೇ ಹೇಳುತ್ತೇನೆ. ಆದರೆ ಬ್ಯಾಂಕಿನಲ್ಲೂ ಎಲ್ಲಿ ಎಡವಟ್ಟಾಗುತ್ತದೆ, ಮನೆಯಲ್ಲಿ ಎಷ್ಟು ಇಟ್ಟುಕೊಂಡರೆ ತಪ್ಪಿಲ್ಲ ಅನ್ನೋದನ್ನೂ ಹೇಳುತ್ತೇನೆ.

ಲೆಕ್ಕಕ್ಕೆ ಒಬ್ಬ ಅಕ್ಕನನ್ನು ಇಟ್ಟುಕೊಳ್ಳೋಣ. ಎರಡು ಹಸು ಇವೆ, ಡೇರಿಗೆ ಹಾಲು ಹಾಕುತ್ತಾರೆ. ಹಾಲಿನ ದುಡ್ಡು ಹಿಂಡಿ, ಬೂಸಾ, ಮನೆ ಖರ್ಚಿಗೆ ಸರಿಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮಾತ್ರ ಮಗಳ ಓದಿಗೆ ಅಂತ ಎತ್ತಿಡಬೇಕು ಅನ್ನೋದು ಅವರ ಆಸೆ. ಖಾತೆಗೆ ಬಂದ ಮೆಸೇಜ್ ನೋಡಿದ ತಕ್ಷಣ ಬ್ಯಾಂಕ್ ಮಿತ್ರನ ಹತ್ತಿರ ಹೋಗಿ, ಬೆರಳು ಒತ್ತಿ, ಪೂರ್ತಿ ದುಡ್ಡು ತೆಗೆದು ಸಾಸಿವೆ ಡಬ್ಬಿಗೆ ಹಾಕುತ್ತಾರೆ. ಕೇಳಿದರೆ "ಕೈಯಲ್ಲಿದ್ರೆ ಧೈರ್ಯ" ಅನ್ನುತ್ತಾರೆ. ನಗಬೇಡಿ, ಇಲ್ಲಿ ಕೂತವರಲ್ಲಿ ಅರ್ಧ ಜನ ಇದನ್ನೇ ಮಾಡುತ್ತೀರಿ. ಅಂದರೆ ದುಡ್ಡು ಆಗಲೇ ಬ್ಯಾಂಕಿನಲ್ಲಿತ್ತು. ಅದನ್ನು ಅಲ್ಲಿಂದ ಎತ್ತಿ ಮನೆಗೆ ತಂದದ್ದು ನಾವೇ.

ನೋಟಿನ ಮೇಲೆ ನಿಮ್ಮ ಹೆಸರಿಲ್ಲ

ಡಬ್ಬಿಯಲ್ಲಿರುವ 500ರ ನೋಟು ಯಾರದ್ದು? ಯಾರ ಕೈಯಲ್ಲಿದೆಯೋ ಅವರದ್ದು. ಕಳ್ಳ ತೆಗೆದುಕೊಂಡರೆ ಅದು ನಿಮ್ಮದು ಅಂತ ತೋರಿಸೋಕೆ ಏನೂ ಇರುವುದಿಲ್ಲ. ಪೊಲೀಸ್ ಠಾಣೆಗೆ ಹೋಗಿ "ಡಬ್ಬಿಯಲ್ಲಿ ಮೂವತ್ತು ಸಾವಿರ ಇತ್ತು" ಅಂದರೆ, ಇತ್ತು ಅನ್ನೋದಕ್ಕೆ ಸಾಕ್ಷಿ ನಿಮ್ಮ ಮಾತು ಮಾತ್ರ. ಓಲೆ, ಸರ ಕಳೆದರೆ ಕನಿಷ್ಠ ಗುರುತು ಹೇಳಬಹುದು. ನೋಟಿಗೆ ಏನು ಗುರುತು ಹೇಳುತ್ತೀರಿ?

ಖಾತೆಯಲ್ಲಿರುವ ದುಡ್ಡಿಗೆ ನಿಮ್ಮ ಹೆಸರಿದೆ. ಪಾಸ್‌ಬುಕ್ ಮಳೆಯಲ್ಲಿ ನೆನೆದರೂ, ಇಲಿ ಕಡಿದರೂ ದುಡ್ಡು ಹೋಗುವುದಿಲ್ಲ, ಯಾಕಂದ್ರೆ ಲೆಕ್ಕ ಇರೋದು ಬ್ಯಾಂಕಿನ ಕಂಪ್ಯೂಟರ್‌ನಲ್ಲಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನದಿ ಊರೊಳಗೇ ಬಂತು. ಅಂಥ ಹೊತ್ತಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡೋದೇ ದೊಡ್ಡದು, ಟ್ರಂಕಿನಲ್ಲಿ ಇದ್ದದ್ದು ನೀರಿಗೆ ಹೋಗುತ್ತದೆ. ಖಾತೆಯಲ್ಲಿ ಇದ್ದದ್ದು ಹಾಗೇ ಇರುತ್ತದೆ. ಗುರುತಿನ ಚೀಟಿ ಕೊಟ್ಟು ಹೊಸ ಪಾಸ್‌ಬುಕ್ ಬರೆಸಿಕೊಳ್ಳಬಹುದು.

ಇಲಿ, ಗೆದ್ದಲು ನಮ್ಮ ಕಡೆ ಕಳ್ಳರಿಗಿಂತ ಜಾಸ್ತಿ. ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ, ತಿಳಿದುಕೊಂಡಿರಿ. 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟು ಹರಿದಿದ್ದರೆ, ಉಳಿದ ಅತಿ ದೊಡ್ಡ ತುಂಡು ನೋಟಿನ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಇರಬೇಕು. ಆಗ ಪೂರ್ತಿ ಬೆಲೆ ಸಿಗುತ್ತದೆ. 40ರಿಂದ 80 ಭಾಗ ಇದ್ದರೆ ಅರ್ಧ ಬೆಲೆ. 40ಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. ಸುಟ್ಟು ಕರಕಲಾದ ನೋಟನ್ನು ಊರಿನ ಶಾಖೆಯಲ್ಲಿ ತೆಗೆದುಕೊಳ್ಳುವುದಿಲ್ಲ, ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೇ ಹೋಗಬೇಕು. ಗೆದ್ದಲು ಮೂಲೆ ಮಾತ್ರ ತಿಂದು ನಿಲ್ಲಿಸುವುದಿಲ್ಲ ಅಲ್ವಾ? ಕಟ್ಟು ಕಟ್ಟಿ ಇಟ್ಟ ನೋಟನ್ನು ನಡುವಿನಿಂದಲೇ ಕೊರೆದಿರುತ್ತದೆ. ಆಗ ಉಳಿದ ಎರಡು ತುಂಡೂ ಚಿಕ್ಕವೇ.

ಇನ್ನೊಂದು ಅಪಾಯ 2016ರ ನವೆಂಬರ್ 8ರ ರಾತ್ರಿ ಎಲ್ಲರಿಗೂ ಗೊತ್ತಾಯಿತು. 500, 1,000ದ ಹಳೇ ನೋಟು ನಡೆಯೋದಿಲ್ಲ ಅಂತ ಟಿವಿಯಲ್ಲಿ ಹೇಳಿದರು. ಬ್ಯಾಂಕಿಗೆ ಕಟ್ಟೋಕೆ ಡಿಸೆಂಬರ್ 30ರ ತನಕ ಮಾತ್ರ ಅವಕಾಶ ಇತ್ತು. ಗಂಡನಿಗೆ, ಅತ್ತೆಗೆ ಗೊತ್ತಿಲ್ಲದ ಹಾಗೆ ಸೀರೆ ಮಡಿಕೆಯಲ್ಲಿ ಇಟ್ಟ ದುಡ್ಡನ್ನು ಹೊರಗೆ ತೆಗೆಯಲೇಬೇಕಾಯಿತು. ಎಲ್ಲಿಟ್ಟಿದ್ದೆವು ಅನ್ನೋದನ್ನೇ ಮರೆತಿದ್ದ ಅಜ್ಜಿಯರ ಪಾಲಿಗೆ ಅದು ಬರೀ ಕಾಗದ. ಖಾತೆಯಲ್ಲಿ ಮೊದಲೇ ಇದ್ದ ದುಡ್ಡಿನ ಒಂದು ಪೈಸೆಯ ಬೆಲೆಯೂ ಹೋಗಲಿಲ್ಲ. ಆ ದಿನಗಳಲ್ಲಿ ಅದನ್ನು ತೆಗೆಯೋಕೆ ಗಂಟೆಗಟ್ಟಲೆ ಸಾಲು ನಿಲ್ಲಬೇಕಾಯಿತು ಅನ್ನೋದೂ ನಿಜ, ಅದನ್ನು ಮುಚ್ಚಿಡೋದಿಲ್ಲ.

ಇಷ್ಟೆಲ್ಲ ಹೇಳಿದರೂ, ಡಬ್ಬಿಯ ದುಡ್ಡು ಜಾಸ್ತಿ ಹೋಗೋದು ಕಳ್ಳನಿಂದಲೂ ಅಲ್ಲ, ಗೆದ್ದಲಿನಿಂದಲೂ ಅಲ್ಲ. ಮನೆಯವರಿಂದ, ನೆಂಟರಿಂದ, ನಮ್ಮಿಂದಲೇ. ಮೈದುನ ಬಂದು "ಅತ್ತಿಗೆ, ಒಂದು ವಾರಕ್ಕೆ ಐದು ಸಾವಿರ ಕೊಡಿ" ಅಂದಾಗ, ಡಬ್ಬಿ ಅಡುಗೆ ಮನೆಯಲ್ಲೇ ಇದ್ದರೆ ಇಲ್ಲ ಅನ್ನೋದು ಕಷ್ಟ. ಜಾತ್ರೆಯಲ್ಲಿ ಬಳೆಗೆ ಐನೂರು, ಯಾರದ್ದೋ ಮದುವೆಯ ಮುಯ್ಯಿಗೆ ಸಾವಿರ, ಹೀಗೇ ಕರಗುತ್ತದೆ. "ದುಡ್ಡು ಬ್ಯಾಂಕಿನಲ್ಲಿದೆ, ಕಂತು ಕಟ್ಟಿದ್ದೀನಿ" ಅನ್ನೋದು ಸುಳ್ಳಲ್ಲದ, ಯಾರಿಗೂ ಬೇಜಾರಾಗದ ಉತ್ತರ. ಈ ಒಂದು ಕಾರಣಕ್ಕೇ ನಾನು ಬ್ಯಾಂಕಿನ ಪರ.

ಐದು ವರ್ಷ ಆದಮೇಲೆ ಎಷ್ಟಾಗುತ್ತದೆ?

ಈಗ ನಮ್ಮ ಅಕ್ಕನ ಲೆಕ್ಕಕ್ಕೆ ಬರೋಣ. ತಿಂಗಳಿಗೆ 2,000ದ ಹಾಗೆ ಐದು ವರ್ಷ ಎತ್ತಿಟ್ಟರೆ ಅಸಲು 1,20,000. ಡಬ್ಬಿಯಲ್ಲಿ ಯಾರೂ ಮುಟ್ಟದೇ ಇದ್ದರೆ ಅಷ್ಟೇ ಇರುತ್ತದೆ.

ಅದೇ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಸುಮ್ನೆ ಬಿಟ್ಟಿದ್ದರೆ? ದೊಡ್ಡ ಸರ್ಕಾರಿ ಬ್ಯಾಂಕುಗಳು ಈಗ ಉಳಿತಾಯ ಖಾತೆಗೆ ವರ್ಷಕ್ಕೆ ನೂರಕ್ಕೆ ಎರಡೂವರೆಯ ಆಸುಪಾಸು ಬಡ್ಡಿ ಕೊಡುತ್ತವೆ. ಆ ಲೆಕ್ಕದಲ್ಲಿ ಐದು ವರ್ಷಕ್ಕೆ ಸಿಗೋ ಬಡ್ಡಿ ಎಂಟು ಸಾವಿರದ ಹತ್ತಿರ. ಇದು ಕಡಿಮೆಯೇ. ಬೆಲೆ ಏರೋದರ ಮುಂದೆ ಇದು ನಿಲ್ಲೋದಿಲ್ಲ. ವರ್ಷಕ್ಕೆ ನೂರಕ್ಕೆ 5ರಂತೆ ಬೆಲೆ ಏರಿದರೆ, ಇವತ್ತು 1,000 ರೂಪಾಯಿಗೆ ಬರೋ ಸಾಮಾನಿಗೆ ಐದು ವರ್ಷದ ಮೇಲೆ ಸುಮಾರು 1,275 ಕೊಡಬೇಕು. ಆದ್ದರಿಂದ ಉಳಿತಾಯ ಖಾತೆ ದುಡ್ಡು ಬಂದು ಹೋಗೋ ಜಾಗ ಅಂತ ತಿಳಿಯಿರಿ, ವರ್ಷಗಟ್ಟಲೆ ಇಡೋ ಜಾಗ ಅಲ್ಲ.

ವರ್ಷಗಟ್ಟಲೆ ಇಡೋದಕ್ಕೆ ಆರ್‌ಡಿ ಇದೆ. ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಖಾತೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಕೆಲವು ವರ್ಷಗಳಿಂದ ನೂರಕ್ಕೆ 6.7 ಬಡ್ಡಿ ನಡೆಯುತ್ತಿದೆ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಆ ದರದಲ್ಲಿ ನಮ್ಮ ಅಕ್ಕ 2,000 ಕಟ್ಟುತ್ತಾ ಹೋದರೆ ಐದು ವರ್ಷದ ಕೊನೆಗೆ ಕೈಗೆ ಸುಮಾರು 1,42,700 ಬರುತ್ತದೆ. ಡಬ್ಬಿಗಿಂತ ಇಪ್ಪತ್ತೆರಡು ಸಾವಿರಕ್ಕೂ ಜಾಸ್ತಿ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಹೇಳುತ್ತದೆ. ನೀವು ಖಾತೆ ತೆರೆದ ದಿನದ ದರವೇ ನಿಮಗೆ ಕೊನೆತನಕ ಇರುತ್ತದೆ. ಹೋಗುವ ಮೊದಲು ಕೌಂಟರ್‌ನಲ್ಲಿ ಅವತ್ತಿನ ದರ ಕೇಳಿಕೊಳ್ಳಿ.

ಒಂದು ಕಂತು ತಪ್ಪಿದರೆ ಸಣ್ಣ ದಂಡ ಬೀಳುತ್ತದೆ, ದುಡ್ಡು ಮುಳುಗೋದಿಲ್ಲ. ಗೃಹಲಕ್ಷ್ಮಿ ಹಣ ಒಮ್ಮೊಮ್ಮೆ ಎರಡು ಮೂರು ತಿಂಗಳು ತಡವಾಗುವುದು ನಿಮಗೇ ಗೊತ್ತಲ್ಲ. ಅದಕ್ಕೇ ಪೂರ್ತಿ 2,000ಕ್ಕೆ ಕಂತು ಕಟ್ಟಿಕೊಳ್ಳಬೇಡಿ ಅಂತ ನನ್ನ ಸಲಹೆ. 1,000ಕ್ಕೆ ಮಾಡಿ. ಉಳಿದದ್ದು ಉಳಿತಾಯ ಖಾತೆಯಲ್ಲೇ ಇರಲಿ, ತಡವಾದ ತಿಂಗಳು ಅದರಿಂದ ಕಂತು ಕಟ್ಟಬಹುದು.

ಬೋರ್ಡಿನಲ್ಲಿ ಏನೇ ಬರೆದಿರಲಿ, ಇದನ್ನು ಕೇಳಿ

"ಬ್ಯಾಂಕೇ ಮುಳುಗಿದರೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನಮ್ಮ ತಾಲ್ಲೂಕುಗಳಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಎಲ್ಲ ಕಚೇರಿಯೂ ಬ್ಯಾಂಕ್ ಅಲ್ಲ.

ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕಿನಲ್ಲಿ ನೀವಿಟ್ಟ ದುಡ್ಡಿಗೆ ವಿಮೆ ಇರುತ್ತದೆ. ಡಿಐಸಿಜಿಸಿ ಅನ್ನುವ ಸಂಸ್ಥೆ ಈ ವಿಮೆ ನಡೆಸುತ್ತದೆ, ಅದು ರಿಸರ್ವ್ ಬ್ಯಾಂಕಿಗೇ ಸೇರಿದ್ದು. ವಿಮೆಯ ಕಂತನ್ನು ಬ್ಯಾಂಕ್ ಕಟ್ಟುತ್ತದೆ, ನಿಮ್ಮಿಂದ ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಬಾಗಿಲು ಹಾಕಿದರೆ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದ ತನಕ ಕೊಡುತ್ತಾರೆ. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿ ಖಾತೆ ಇದ್ದರೆ ಎರಡೂ ಸೇರಿಯೇ 5 ಲಕ್ಷ. 2020ರ ಫೆಬ್ರವರಿ 4ಕ್ಕೆ ಮೊದಲು ಇದು 1 ಲಕ್ಷ ಮಾತ್ರ ಇತ್ತು.

ಅದೇ ವರ್ಷ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಠೇವಣಿ ಇಟ್ಟವರು ಒಟ್ಟು 35,000 ರೂಪಾಯಿ ಮಾತ್ರ ತೆಗೆಯಬಹುದು ಅಂತಾಯಿತು. ಪಿಂಚಣಿ ದುಡ್ಡೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತರು. ಆಗ ವಿಮೆ ದುಡ್ಡಿಗೆ ವರ್ಷಗಟ್ಟಲೆ ಕಾಯಬೇಕಿತ್ತು. 2021ರಲ್ಲಿ ಕಾನೂನು ಬದಲಾಯಿಸಿ, ಹೀಗೆ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ದುಡ್ಡು ಕೊಡಬೇಕು ಅಂತ ಮಾಡಿದರು. ಆ ಬ್ಯಾಂಕಿನ ಠೇವಣಿದಾರರಿಗೂ ಇದರಿಂದ ಅನುಕೂಲವಾಯಿತು. ಮನೆಯಲ್ಲಿ ಕಳ್ಳತನವಾದರೆ 90 ದಿನವಲ್ಲ, 90 ವರ್ಷವಾದರೂ ಹೀಗೆ ಕೊಡುವವರಿಲ್ಲ.

ಸರ್ಕಾರಿ ಬ್ಯಾಂಕುಗಳು, ಖಾಸಗಿ ಬ್ಯಾಂಕುಗಳು, ನಮ್ಮ ಕರ್ನಾಟಕ ಗ್ರಾಮೀಣ ಬ್ಯಾಂಕ್, ಜಿಲ್ಲೆಯ ಡಿಸಿಸಿ ಬ್ಯಾಂಕ್, ಪಟ್ಟಣದ ಸಹಕಾರ ಬ್ಯಾಂಕುಗಳು, ಇವೆಲ್ಲ ಈ ವಿಮೆಯೊಳಗೆ ಬರುತ್ತವೆ. ಅಂಚೆ ಕಚೇರಿಗೆ ಈ ವಿಮೆ ಇಲ್ಲ, ಬೇಕಾಗೂ ಇಲ್ಲ. ಅಲ್ಲಿನ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಹಾಗಾದರೆ ಯಾವುದು ಬರುವುದಿಲ್ಲ? ಊರಿನ ವಿಎಸ್‌ಎಸ್‌ಎನ್, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ. ಇವು ಬೆಳೆ ಸಾಲ ಕೊಡುತ್ತವೆ, ಗೊಬ್ಬರ ಕೊಡುತ್ತವೆ, ಎಷ್ಟೋ ಸಂಘಗಳು ಶಿಸ್ತಾಗಿ ನಡೆಯುತ್ತವೆ. ಅವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಇಟ್ಟ ಠೇವಣಿಗೆ ಈ 5 ಲಕ್ಷದ ವಿಮೆ ಇಲ್ಲ. ಕೆಲವು ಸಂಘಗಳು ಬೋರ್ಡಿನಲ್ಲಿ "ಬ್ಯಾಂಕ್" ಅಂತ ಬರೆಸಿಕೊಂಡಿದ್ದವು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬೇರೆ ಕಡೆ ಆರೂವರೆ ಇದ್ದಾಗ ಒಂದು ಕಡೆ ಹನ್ನೊಂದು, ಹನ್ನೆರಡು ಬಡ್ಡಿ ಕೊಡುತ್ತೇವೆ ಅಂದರೆ, "ವಿಮೆ ಇದೆಯಾ?" ಅಂತ ಕೌಂಟರ್‌ನಲ್ಲಿ ಕೇಳಿ. ಇದ್ದರೆ ಪ್ರಮಾಣಪತ್ರ ಗೋಡೆ ಮೇಲೆ ಇರುತ್ತದೆ. ತಡವರಿಸಿದರೆ ಎದ್ದು ಬನ್ನಿ. 2019ರಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಮುಳುಗಿದಾಗ ಸಾವಿರಾರು ಮನೆಗಳ ದುಡ್ಡು ಸಿಕ್ಕಿಹಾಕಿಕೊಂಡಿತು. ಅದು ಬ್ಯಾಂಕೇ ಆಗಿರಲಿಲ್ಲ.

ಊರಿನ ಬಾಯಿಮಾತಿನ ಚೀಟಿ ಬಗ್ಗೆ ಒಂದೇ ಮಾತು: ನಡೆಸುವವರು ಊರು ಬಿಟ್ಟರೆ ಕಥೆ ಮುಗೀತು.

ಬ್ಯಾಂಕಿನಲ್ಲಿ ದುಡ್ಡು ಹೋಗೋದು ಹೇಗೆ?

ಮೊದಲನೆಯದು ಫೋನು. "ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಕೆವೈಸಿ ಮುಗಿದಿದೆ, ಬಂದಿರೋ ನಂಬರ್ ಹೇಳಿ" ಅಂತಾರೆ. ಆ ನಂಬರ್ ಹೇಳಿದ ಕ್ಷಣ ದುಡ್ಡು ಹೋಯಿತು. ನೀವೇ ಹೇಳಿದ್ದರಿಂದ ಆ ನಷ್ಟ ನಿಮ್ಮ ತಲೆ ಮೇಲೇ ಬರುತ್ತದೆ. ಆದರೆ ನೀವು ಯಾರಿಗೂ ಏನೂ ಹೇಳಿಲ್ಲ, ಹೊರಗಿನ ಯಾರೋ ಮೋಸ ಮಾಡಿ ಖಾತೆಯಿಂದ ತೆಗೆದಿದ್ದಾರೆ ಅಂದುಕೊಳ್ಳಿ. ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಇದು ರಿಸರ್ವ್ ಬ್ಯಾಂಕಿನ 2017ರ ನಿಯಮ. ಡಬ್ಬಿಗೂ ಖಾತೆಗೂ ಇದೇ ದೊಡ್ಡ ವ್ಯತ್ಯಾಸ. ಖಾತೆಯಿಂದ ಕದ್ದರೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಯಿತು ಅನ್ನೋದು ಬರೆದಿರುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಮುಂದಿನ ಖಾತೆಯಲ್ಲಿ ಇನ್ನೂ ಇದ್ದರೆ ತಡೆಹಿಡಿಯೋಕೆ ಆಗುತ್ತದೆ. ನಾಳೆ ನೋಡೋಣ ಅಂದರೆ ಆಗುವುದಿಲ್ಲ.

ಎರಡನೆಯದು ಬೆರಳಿನ ಗುರುತು. ಬ್ಯಾಂಕ್ ಮಿತ್ರನ ಮಷೀನಿನಲ್ಲಿ ಬೆರಳು ಇಟ್ಟರೆ ದುಡ್ಡು ಬರುತ್ತದೆ. ಕೆಲವರು "ಬೆರಳು ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಇಡಿ" ಅಂತ ಎರಡು ಸಲ ಒತ್ತಿಸುತ್ತಾರೆ. ನಿಜವಾಗಿಯೂ ಬಂದಿಲ್ಲದೇ ಇರಬಹುದು, ಹೊಲದಲ್ಲಿ ದುಡಿದ ಬೆರಳಿನ ಗೆರೆ ಸವೆದಿರುತ್ತದೆ. ಆದರೆ ಪ್ರತಿ ಸಲವೂ ಮಷೀನಿನ ಚೀಟಿ ಕೇಳಿ. ಆಗಲಿಲ್ಲ ಅಂದರೂ ಆಗಲಿಲ್ಲ ಅನ್ನುವ ಚೀಟಿ ಬರುತ್ತದೆ. ಕೈಯಲ್ಲಿ ಬರೆದುಕೊಟ್ಟ ಚೀಟಿ ಲೆಕ್ಕಕ್ಕಿಲ್ಲ. ದುಡ್ಡು ಕಟ್ಟುವಾಗಲಂತೂ ಇದು ಇನ್ನೂ ಮುಖ್ಯ: "ನಾಳೆ ಹಾಕ್ತೀನಿ ಅಕ್ಕ" ಅಂದರೆ ದುಡ್ಡು ವಾಪಸ್ ತೆಗೆದುಕೊಂಡು ಬನ್ನಿ. ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮನೆಯಲ್ಲಿ ಓದುವ ಮಕ್ಕಳ ಕೈಯಲ್ಲಿ ಓದಿಸಿ.

ಮೂರನೆಯದನ್ನು ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಸಾಲ ಬಾಕಿ ಬಿದ್ದಿದ್ದರೆ, ಉಳಿತಾಯ ಖಾತೆಯ ದುಡ್ಡನ್ನು ಸಾಲಕ್ಕೆ ಹಿಡಿದುಕೊಳ್ಳುವ ಅಧಿಕಾರ ಬ್ಯಾಂಕಿಗೆ ಇದೆ. 2024ರಲ್ಲಿ ಬರ ಪರಿಹಾರದ ದುಡ್ಡನ್ನು ಹೀಗೇ ಸಾಲಕ್ಕೆ ಜಮಾ ಮಾಡಿಕೊಂಡಾಗ ರೈತರು ಸಿಟ್ಟಾದರು, ಹಾಗೆ ಮಾಡಬಾರದು ಅಂತ ರಾಜ್ಯ ಸರ್ಕಾರ ಹೇಳಬೇಕಾಯಿತು. ಸಾಲ ಇರುವವರು ಮಕ್ಕಳ ಓದಿನ ಉಳಿತಾಯವನ್ನು ಅಂಚೆ ಕಚೇರಿಯಲ್ಲೋ ಬೇರೆ ಬ್ಯಾಂಕಿನಲ್ಲೋ ಇಡಿ. ಸಾಲ ಕಟ್ಟಬೇಡಿ ಅಂತ ಹೇಳುತ್ತಿಲ್ಲ. ಎರಡರ ಲೆಕ್ಕ ಬೇರೆ ಬೇರೆ ಇರಲಿ, ಅಷ್ಟೇ.

ಎರಡು ವರ್ಷ ನೀವಾಗಿ ಕಟ್ಟುವುದು, ತೆಗೆಯುವುದು ಏನೂ ಮಾಡದೇ ಇದ್ದರೆ ಖಾತೆ ನಿಂತುಹೋಗುತ್ತದೆ. ದುಡ್ಡು ಹೋಗಿರುವುದಿಲ್ಲ, ಆಧಾರ್ ತೆಗೆದುಕೊಂಡು ಹೋಗಿ ಮತ್ತೆ ಚಾಲು ಮಾಡಿಸಬಹುದು. ಅದಕ್ಕೆ ಶುಲ್ಕ ಇಲ್ಲ.

ಮನೆಯಲ್ಲಿ ಎಷ್ಟಿರಲಿ?

ಏನೂ ಇರಬಾರದು ಅಂತ ನಾನು ಹೇಳೋದಿಲ್ಲ. ರಾತ್ರಿ ಹನ್ನೆರಡಕ್ಕೆ ಮಗುವಿಗೆ ಜ್ವರ ಬಂದರೆ ಆಟೋದವನಿಗೆ ದುಡ್ಡು ಬೇಕು. ಹಬ್ಬದ ರಜೆ ಸಾಲಾಗಿ ಬಂದರೆ ಬ್ಯಾಂಕ್ ಮುಚ್ಚಿರುತ್ತದೆ, ಎಟಿಎಂ ಖಾಲಿ ಇರುತ್ತದೆ, ಕರೆಂಟ್ ಹೋದರೆ ಬ್ಯಾಂಕ್ ಮಿತ್ರನ ಮಷೀನೂ ನಿಲ್ಲುತ್ತದೆ. ಒಂದು ವಾರದ ಮನೆ ಖರ್ಚು, ಅದರ ಮೇಲೆ ಒಂದು ಆಸ್ಪತ್ರೆ ಓಡಾಟದ ದುಡ್ಡು, ಇಷ್ಟು ಕೈಯಲ್ಲಿರಲಿ. ನಮ್ಮ ಅಕ್ಕನ ಮನೆಗಾದರೆ ಮೂರು ಸಾವಿರ ಸಾಕು. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋಗಬೇಕಾದ ಊರಾದರೆ ಐದು ಸಾವಿರ ಇಟ್ಟುಕೊಳ್ಳಿ.

ಖಾತೆ ಇಲ್ಲದವರು ಬ್ಯಾಂಕಿನಲ್ಲಿ "ಜನಧನ್ ಖಾತೆ" ಅಥವಾ "ಮೂಲ ಉಳಿತಾಯ ಖಾತೆ" ಅಂತ ಕೇಳಿ. ಇದರಲ್ಲಿ ಇಷ್ಟೇ ದುಡ್ಡು ಇರಬೇಕು ಅನ್ನೋ ಕಟ್ಟುಪಾಡಿಲ್ಲ, ಸೊನ್ನೆ ಇದ್ದರೂ ದಂಡ ಇಲ್ಲ. ಎಷ್ಟು ಸಲ ಬೇಕಾದರೂ ಕಟ್ಟಬಹುದು. ತಿಂಗಳಿಗೆ ಕನಿಷ್ಠ ನಾಲ್ಕು ಸಲ ತೆಗೆಯೋದು ಉಚಿತ. ಬರೀ "ಸೇವಿಂಗ್ಸ್ ಖಾತೆ" ಅಂತ ಕೇಳಿದರೆ ಕನಿಷ್ಠ ಮೊತ್ತ ಕೇಳುವ ಖಾತೆ ಮಾಡಿಬಿಡಬಹುದು. ಜನಧನ್ ಖಾತೆಯ ರುಪೇ ಕಾರ್ಡಿಗೆ 2 ಲಕ್ಷದ ಅಪಘಾತ ವಿಮೆ ಇದೆ, 2018ರ ಆಗಸ್ಟ್ 28ರ ಮೊದಲು ತೆರೆದ ಖಾತೆಗೆ 1 ಲಕ್ಷ. ಒಂದು ಷರತ್ತಿದೆ: ಅಪಘಾತಕ್ಕೆ ಮುಂಚಿನ 90 ದಿನದಲ್ಲಿ ಆ ಕಾರ್ಡನ್ನು ಒಂದು ಸಲವಾದರೂ ಬಳಸಿರಬೇಕು. ಬೀರುವಿನಲ್ಲಿ ಭದ್ರವಾಗಿ ಇಟ್ಟ ಕಾರ್ಡಿಗೆ ವಿಮೆ ಬರೋದಿಲ್ಲ. ಎರಡು ತಿಂಗಳಿಗೊಮ್ಮೆ ಎಟಿಎಂನಿಂದ ನೂರು ರೂಪಾಯಿ ತೆಗೆದರೂ ಸಾಕು.

ಕೊನೆಯದು, ನಾಮಿನಿ

ಡಬ್ಬಿಯಲ್ಲಿಟ್ಟವರು ತೀರಿಹೋದರೆ ದುಡ್ಡು ಎಲ್ಲಿದೆ ಅನ್ನೋದೇ ಮನೆಯವರಿಗೆ ಗೊತ್ತಾಗುವುದಿಲ್ಲ. ಖಾತೆಯಲ್ಲಿದ್ದರೆ ನಾಮಿನಿಗೆ ಬರುತ್ತದೆ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಒಂದು ಅರ್ಜಿ, ಇಷ್ಟು ಸಾಕು. ನಾಮಿನಿ ಬರೆಸಿಲ್ಲದಿದ್ದರೆ ವಂಶವೃಕ್ಷ ಮಾಡಿಸಬೇಕು, ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಬೇಕು. ಅಣ್ಣ ತಮ್ಮಂದಿರು ಮಾತು ಬಿಟ್ಟಿರುವ ಮನೆಯಾದರೆ ಆ ಸಹಿಗಳನ್ನು ಕೂಡಿಸೋಕೆ ಎಷ್ಟು ಓಡಾಡಬೇಕು ನೀವೇ ಯೋಚಿಸಿ. ಒಂದು ವಿಷಯ ನೆನಪಿರಲಿ, ನಾಮಿನಿ ಅಂದರೆ ದುಡ್ಡು ಪಡೆಯುವವರು. ಅದರಲ್ಲಿ ಉಳಿದ ವಾರಸುದಾರರ ಹಕ್ಕು ಹೋಗುವುದಿಲ್ಲ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರ ತನಕ ಬರೆಸಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಹೇಳಬಹುದು.

ಮದುವೆಗೆ ಮುಂಚೆ ಖಾತೆ ಮಾಡಿಸಿದವರು ತಂದೆಯ ಹೆಸರು ಕೊಟ್ಟಿರುತ್ತೀರಿ, ತಂದೆ ಹೋಗಿ ಎಷ್ಟೋ ವರ್ಷ ಆದರೂ ಅದೇ ಹೆಸರು ಇರುತ್ತದೆ. ಪಾಸ್‌ಬುಕ್ ತಂದಿರುವವರು ಈಗ ಮೊದಲ ಪುಟ ತೆಗೆಯಿರಿ. ನಾಮಿನೇಷನ್ ಅನ್ನೋ ಸಾಲು ಖಾಲಿ ಇದ್ದರೆ, ಇಲ್ಲವೇ ತೀರಿಹೋದವರ ಹೆಸರಿದ್ದರೆ, ಈ ಕಡೆ ಮೇಜಿನ ಹತ್ತಿರ ಬನ್ನಿ. ನಮೂನೆ ಇದೆ, ತುಂಬಿಸಿಕೊಡುತ್ತೇನೆ. ನಾಳೆ ಶಾಖೆಗೆ ಕೊಟ್ಟು, ತೆಗೆದುಕೊಂಡಿದ್ದೇವೆ ಅನ್ನುವ ಚೀಟಿಗೆ ಸೀಲು ಹಾಕಿಸಿಕೊಂಡು ಬನ್ನಿ.